ರನ್ನಿಂಗ್ ಪಾರ್ಲರ್ ಮಾರಾಟಕ್ಕಿದೆ: ಒಂಬತ್ತು ಲಕ್ಷಕ್ಕೆ ಕೈಗೆ ಬರುವುದೇನು?

‘ಫುಲ್ ಸೆಟಪ್, ರೆಗ್ಯುಲರ್ ಕಸ್ಟಮರ್ಸ್ ಇದ್ದಾರೆ, ಊರು ಬಿಡುತ್ತಿರುವುದರಿಂದ ಕೊಡುತ್ತಿದ್ದೇವೆ, ಒಂಬತ್ತು ಲಕ್ಷ.’ ಬೆಂಗಳೂರಿನ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಬ್ಯೂಟಿ ಪಾರ್ಲರ್ ಮಾರಾಟದ ಒಕ್ಕಣೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಹೊಸದಾಗಿ ಅಂಗಡಿ ಹಿಡಿದು, ಪ್ಲಂಬಿಂಗ್ ಮಾಡಿಸಿ, ಕನ್ನಡಿ ಕೂರಿಸಿ, ಮೊದಲ ಗ್ರಾಹಕಿಗಾಗಿ ಕಾಯುವುದಕ್ಕಿಂತ ನಡೆಯುತ್ತಿರುವುದನ್ನೇ ಕೊಳ್ಳುವುದು ಸುಲಭ ಅನ್ನಿಸುವುದು ಸಹಜ. ಆದರೆ ಆ ಒಂಬತ್ತು ಲಕ್ಷದಲ್ಲಿ ಮೂರು ಬೇರೆ ಬೇರೆ ವಸ್ತುಗಳ ಬೆಲೆ ಸೇರಿಕೊಂಡಿರುತ್ತದೆ: ಆ ಜಾಗದಲ್ಲಿ ಕೂರುವ ಹಕ್ಕು, ಒಳಗಿನ ಸಾಮಾನು ಮತ್ತು ಬಂದುಹೋಗುವ ಹೆಂಗಸರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಮಹಡಿಯಲ್ಲಿರುವ ಪಾರ್ಲರ್, ಬಾಡಿಗೆ ತಿಂಗಳಿಗೆ 30,000 ರೂಪಾಯಿ. ಮಾರುವವರ ಲೆಕ್ಕದಲ್ಲಿ ಕಟ್ಟಡದ ಮಾಲೀಕರ ಬಳಿ ಇರುವ ಅಡ್ವಾನ್ಸ್ 3 ಲಕ್ಷ, ಸಾಮಾನಿಗೆ ಮೂರೂವರೆ ಲಕ್ಷ, ಗುಡ್‌ವಿಲ್ ಎರಡೂವರೆ ಲಕ್ಷ.

ಮೊದಲನೆಯದು ಜಾಗ. ಅದು ಮಾರುವವರದಲ್ಲ, ಕಟ್ಟಡದ ಮಾಲೀಕರದು. ಬಹುತೇಕ ಕರಾರುಗಳಲ್ಲಿ ‘ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ವಹಿಸಬಾರದು, ಒಳಬಾಡಿಗೆಗೆ ಕೊಡಬಾರದು’ ಎಂಬ ಷರತ್ತು ಇರುತ್ತದೆ. ಅಂಥ ಕರಾರಿನ ಮೇಲೆ ಪಾರ್ಲರ್ ಕೊಂಡವರು ಮಾಲೀಕರ ಕಣ್ಣಿನಲ್ಲಿ ಯಾರೂ ಅಲ್ಲ. ಹಾಗಾಗಿ ಮಾರುವವರು ಕೊಡುವ ಜೆರಾಕ್ಸ್ ಓದಿ ಸುಮ್ಮನಾಗದೆ, ಮಾಲೀಕರನ್ನು ಎದುರು ಕೂರಿಸಿಕೊಂಡು ಕೇಳಬೇಕು: ಬಾಡಿಗೆ ಬಾಕಿ ಇದೆಯೇ? ಅಡ್ವಾನ್ಸ್ ನಿಜಕ್ಕೂ ಎಷ್ಟಿದೆ? ಪೇಂಟಿಂಗ್‌ಗೆಂದು ಎಷ್ಟು ಹಿಡಿಯುತ್ತೀರಿ? ಬಾಡಿಗೆ ಯಾವಾಗ, ಎಷ್ಟು ಏರುತ್ತದೆ?

ಕರಾರಿನ ಅವಧಿಯನ್ನೂ ನೋಡಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಹೇಳುತ್ತದೆ. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ರೂಢಿಗೆ ಬಂದಿದೆ. ಆ 11 ತಿಂಗಳು ಮುಗಿದ ಮೇಲೂ ಹೊಸ ಪತ್ರವಿಲ್ಲದೆ ಬಾಡಿಗೆ ಕಟ್ಟುತ್ತಿದ್ದರೆ, ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆ ಎನಿಸಿಕೊಳ್ಳುತ್ತದೆ. 15 ದಿನಗಳ ನೋಟಿಸ್ ಕೊಟ್ಟು ಖಾಲಿ ಮಾಡಿ ಎನ್ನಬಹುದು. ಲಕ್ಷಗಟ್ಟಲೆ ಹಣ ಹಾಕುವವರು ಕನಿಷ್ಠ ಮೂರು ವರ್ಷಗಳ ನೋಂದಾಯಿತ ಕರಾರನ್ನು ತಮ್ಮ ಹೆಸರಿಗೇ ಕೇಳಬೇಕು.

ನಮ್ಮ ಉದಾಹರಣೆಯಲ್ಲಿ ಮಾಲೀಕರನ್ನು ಕೇಳಿದಾಗ ಎರಡು ತಿಂಗಳ ಬಾಡಿಗೆ ಬಾಕಿ ಎಂದು ತಿಳಿಯುತ್ತದೆ, ಅಂದರೆ 60,000. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 30,000 ಹಿಡಿಯುತ್ತಾರೆ. 3 ಲಕ್ಷದ ಅಡ್ವಾನ್ಸ್ ಅಲ್ಲಿಗೆ 2,10,000ಕ್ಕೆ ಇಳಿಯಿತು.

ಎರಡನೆಯದು ಸಾಮಾನು. ‘ಫುಲ್ ಸೆಟಪ್’ ಎಂಬ ಮಾತನ್ನು ಪಟ್ಟಿಯಾಗಿ ಬರೆಸಿ, ಪ್ರತಿಯೊಂದಕ್ಕೂ ಬಿಲ್ ಕೇಳಬೇಕು. ಬಿಲ್ಲಿನಲ್ಲಿ ಕೊಂಡ ತಾರೀಖೂ ಸಿಗುತ್ತದೆ, ಯಾರ ಹೆಸರಿನಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಬ್ಯಾಂಕ್ ಸಾಲದಲ್ಲಿ ಕೊಂಡು ಅಡಮಾನವಿರುವ ಯಂತ್ರವನ್ನು ಸಾಲ ತೀರಿಸಿ ಪತ್ರ ತರುವ ತನಕ ಲೆಕ್ಕಕ್ಕೆ ಹಿಡಿಯಬಾರದು.

ಪರೀಕ್ಷೆಗೆ ಒಂದು ಮಧ್ಯಾಹ್ನ ಸಾಕು. ಹೈಡ್ರಾಲಿಕ್ ಕುರ್ಚಿಯನ್ನು ಪೂರ್ತಿ ಎತ್ತರಕ್ಕೇರಿಸಿ, ಭಾರವಾದ ಒಬ್ಬರನ್ನು ಹತ್ತು ನಿಮಿಷ ಕೂರಿಸಬೇಕು. ಮೆಲ್ಲಗೆ ಕೆಳಗಿಳಿದರೆ, ಬುಡದಲ್ಲಿ ಎಣ್ಣೆಯ ಕಲೆ ಇದ್ದರೆ ಪಂಪ್ ಹೋಗಿದೆ ಎಂದರ್ಥ. ತಲೆ ತೊಳೆಯುವ ಬೇಸಿನ್‌ಗೆ ಎರಡು ಬಕೆಟ್ ನೀರು ಒಮ್ಮೆಲೇ ಸುರಿದರೆ ಪೈಪು ಕಟ್ಟಿದೆಯೋ ಇಲ್ಲವೋ ತಿಳಿಯುತ್ತದೆ; ಬೇಸಿನ್ನಿನ ಕೆಳಗಿನ ಗೋಡೆ ಒದ್ದೆಯಿದ್ದರೆ ನಾಳೆ ಕೆಳಮಹಡಿಯವರು ಜಗಳಕ್ಕೆ ಬರುತ್ತಾರೆ. ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಗೀಸರ್ ಮತ್ತು ಫೇಶಿಯಲ್ ಸ್ಟೀಮರ್‌ನ ಹೀಟಿಂಗ್ ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿರುತ್ತದೆ. ಸ್ಟೀಮರ್ ತಡವಾಗಿ ಕಾದರೆ, ಹಬೆಯ ಜೊತೆ ಬಿಸಿನೀರಿನ ಹನಿ ಚಿಮ್ಮಿದರೆ ಅದನ್ನು ಗ್ರಾಹಕಿಯ ಮುಖಕ್ಕೆ ಹಿಡಿಯುವಂತಿಲ್ಲ.

ಕೊನೆಗೆ ಎಸಿ, ಗೀಸರ್, ಎರಡು ಹೇರ್ ಡ್ರೈಯರ್ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಬೇಕು. ಎರಡು ಕಿಲೋವ್ಯಾಟ್ ಗೀಸರ್ ಜೊತೆಗೆ ಉಳಿದವೂ ಸೇರಿದರೆ ಐದು ಕಿಲೋವ್ಯಾಟ್ ದಾಟುವುದು ಕಷ್ಟವಲ್ಲ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಎಂದಿದ್ದರೆ ಅದನ್ನು ಹೆಚ್ಚಿಸುವ ಖರ್ಚು ಕೊಳ್ಳುವವರ ತಲೆಗೆ ಬರುತ್ತದೆ. ಮೀಟರ್ ವಾಣಿಜ್ಯ ದರದ್ದೋ ಮನೆ ದರದ್ದೋ ಎಂಬುದೂ ಅದೇ ಬಿಲ್ಲಿನಲ್ಲಿರುತ್ತದೆ.

ಉದಾಹರಣೆಯ ಪಾರ್ಲರಿನಲ್ಲಿ ಎಲ್ಲವೂ ನಾಲ್ಕು ವರ್ಷ ಹಳೆಯದು, ಎರಡು ಕುರ್ಚಿಗಳು ಕುಸಿಯುತ್ತವೆ, ಒಂದು ಯಂತ್ರ ಸಾಲದಲ್ಲಿದೆ. ಸೆಕೆಂಡ್‌ಹ್ಯಾಂಡ್ ದರ ವಿಚಾರಿಸಿದರೆ ಮೂರೂವರೆ ಲಕ್ಷದ ಸಾಮಾನು 2,20,000ಕ್ಕೆ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ‘800 ಕಸ್ಟಮರ್ಸ್ ಇದ್ದಾರೆ’ ಎಂದು ತೋರಿಸುವ ಪಟ್ಟಿಯಲ್ಲಿ ಒಮ್ಮೆ ಬಂದು ಹೋದವರ ನಂಬರೂ ಸೇರಿರುತ್ತದೆ. ಹುಬ್ಬಿನ ಥ್ರೆಡಿಂಗ್‌ಗೆ ಬರುವವರು ಸಾಮಾನ್ಯವಾಗಿ ಮೂರ್ನಾಲ್ಕು ವಾರಕ್ಕೊಮ್ಮೆ ಬರುತ್ತಾರೆ. ಆದ್ದರಿಂದ ಕಾಯಂ ಗ್ರಾಹಕಿಯ ಹೆಸರು ವರ್ಷದ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಹತ್ತು ಹನ್ನೆರಡು ಸಲ ಕಾಣಿಸಬೇಕು. ಕಳೆದ ಮೂರು ತಿಂಗಳಲ್ಲಿ ಎರಡು ಸಲವಾದರೂ ಬಂದವರೆಷ್ಟು ಎಂದು ಎಣಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಆ ಪುಸ್ತಕವನ್ನು ಯುಪಿಐ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಬೇಕು.

ಲೆಕ್ಕ ಇಡೀ ವರ್ಷದ್ದಾಗಿರಲಿ. ಮದುವೆಯ ತಿಂಗಳುಗಳ ಗಳಿಕೆಯನ್ನಷ್ಟೇ ತೋರಿಸಿದರೆ ಪಾರ್ಲರ್ ಬಂಗಾರದಂತೆ ಕಾಣುತ್ತದೆ. ಆಷಾಢ, ಧನುರ್ಮಾಸದಲ್ಲಿ ಮದುಮಗಳ ಮೇಕಪ್ ಬುಕಿಂಗ್ ಬಹುತೇಕ ನಿಂತೇ ಹೋಗುತ್ತದೆ. ಮಂಗಳವಾರ, ಶುಕ್ರವಾರ ಕೂದಲು ಕತ್ತರಿಸಿಕೊಳ್ಳದವರು ಇನ್ನೂ ಬಹಳ. ಹಾಗಾಗಿ ಭಾನುವಾರದ ಜನಸಂದಣಿ ನೋಡಿದವರು ಮಂಗಳವಾರವೂ ಒಮ್ಮೆ ಹೋಗಿ ಕೂತು ಬರಬೇಕು.

ಇನ್ನು ಮುಂಗಡವಾಗಿ ಮಾರಿದ ಮೆಂಬರ್‌ಶಿಪ್ ಕಾರ್ಡುಗಳು. ನಮ್ಮ ಉದಾಹರಣೆಯಲ್ಲಿ 22 ಮಂದಿ ತಲಾ 10,000 ಕಟ್ಟಿದ್ದಾರೆ, ಸರಾಸರಿ 4,000 ರೂಪಾಯಿಯ ಸೇವೆ ಬಾಕಿಯಿದೆ. ಹಣ ಹಳಬರ ಜೇಬು ಸೇರಿದೆ, 88,000 ರೂಪಾಯಿಯ ಕೆಲಸ ಹೊಸಬರ ಪಾಲಿಗೆ ಉಳಿದಿದೆ. ಅದನ್ನು ಗುಡ್‌ವಿಲ್‌ನಿಂದ ಕಳೆದರೆ 1,62,000. ಮದುವೆ ಬುಕಿಂಗ್‌ಗಳಿಗೆ ಪಡೆದ ಮುಂಗಡಕ್ಕೂ ಇದೇ ಲೆಕ್ಕ.

ಬಿಲ್ಲುಗಳಲ್ಲಿ ಕೆಲಸ ಮಾಡಿದವರ ಹೆಸರನ್ನೂ ಗಮನಿಸಬೇಕು. ಅರ್ಧದಷ್ಟು ಗಳಿಕೆ ಒಬ್ಬರೇ ಬ್ಯೂಟಿಷಿಯನ್ ಕೈಯದಾಗಿದ್ದರೆ, ಆಕೆ ಬಿಟ್ಟ ದಿನ ಗ್ರಾಹಕರೂ ಹಿಂದೆಯೇ ಹೋಗುತ್ತಾರೆ. ನೌಕರಿ ಬಿಟ್ಟವರನ್ನು ಪಕ್ಕದ ರಸ್ತೆಯಲ್ಲಿ ಪಾರ್ಲರ್ ತೆರೆಯಬೇಡಿ ಎಂದು ಕಾನೂನಿನಿಂದ ತಡೆಯಲಾಗದು. ಆದರೆ ಗುಡ್‌ವಿಲ್ ಮಾರಿದವರನ್ನು ತಡೆಯಬಹುದು: 1872ರ ಕರಾರು ಕಾಯ್ದೆಯ 27ನೇ ಕಲಂ, ಇಂತಿಷ್ಟು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂಬ ಅವರ ಒಪ್ಪಂದವನ್ನು, ಮಿತಿ ನ್ಯಾಯವಾಗಿದ್ದರೆ, ಮಾನ್ಯ ಮಾಡುತ್ತದೆ. ಪಾರ್ಲರಿನ ಫೋನ್ ನಂಬರ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಖಾತೆಗಳ ಹಸ್ತಾಂತರವೂ ಅದೇ ಪತ್ರದಲ್ಲಿರಲಿ.

ಈಗ ಕೂಡಿಸಿದರೆ 2,10,000, 2,20,000 ಮತ್ತು 1,62,000 ಸೇರಿ 5,92,000. ಮೊದಲು ಹೇಳಿದ್ದು ಒಂಬತ್ತು ಲಕ್ಷ! ಇದರಲ್ಲೂ ಗುಡ್‌ವಿಲ್‌ನ ಅರ್ಧ ಹಣವನ್ನು ಮೂರು ತಿಂಗಳ ನಂತರ ಕೊಡುವಂತೆ ಮಾತಾಡಿಕೊಂಡರೆ, ಮಾರುವವರು ಗ್ರಾಹಕರನ್ನು ಪರಿಚಯಿಸಿಕೊಡಲು ಆಸಕ್ತಿ ತೋರುತ್ತಾರೆ. ಪಾರ್ಲರಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಹಳೆಯ ಬಾಕಿಯ ವಿವರವನ್ನೂ ಕೇಳಲೇಬೇಕು. ವ್ಯಾಪಾರ ಪೂರ್ತಿ ಕೈಬದಲಾದಾಗ ಹಿಂದಿನ ತೆರಿಗೆ, ಬಡ್ಡಿ, ದಂಡಕ್ಕೆ ಕೊಂಡವರೂ ಜೊತೆಗೂಡಿ ಹೊಣೆ ಎಂದು ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಹೇಳುತ್ತದೆ.

ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆ, ಸಹಿ ಹಾಕಿದ ಸಾಮಾನಿನ ಪಟ್ಟಿ, ಬಾಕಿ ಮೆಂಬರ್‌ಶಿಪ್‌ಗಳ ಪಟ್ಟಿ, ಈ ಮೂರೂ ಕೈಗೆ ಬರುವ ತನಕ ಟೋಕನ್ ಹಣವನ್ನೂ ಕೊಡಬೇಡಿ.