ಮನಸ್ಸು ಬರುವ ಮೊದಲೇ ದಿನಚರಿ: ಖಿನ್ನತೆಯ ದಿನಗಳಿಗೊಂದು ಕ್ರಮ

‘ಮನಸ್ಸು ಬಂದ ಮೇಲೆ ಮಾಡೋಣ’ ಎಂಬುದು ನಾವು ದಿನನಿತ್ಯ ಆಡುವ ಮಾತು. ಸ್ವಸ್ಥರಿಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಇಂದು ಬಾರದ ಮನಸ್ಸು ನಾಳೆ ಬರುತ್ತದೆ. ಖಿನ್ನತೆಯಲ್ಲಿ ಹಾಗಲ್ಲ. ಕೆಲಸಕ್ಕೆ ತೊಡಗುವ ಇಚ್ಛೆ ಕುಂದುವುದೇ ಆ ಕಾಯಿಲೆಯ ಒಂದು ಲಕ್ಷಣ. ಆದುದರಿಂದ ಇಚ್ಛೆಗಾಗಿ ಕಾಯುವವರು ಕಾಯುತ್ತಲೇ ಇರುತ್ತಾರೆ.

ಇದರ ಕಾರಣವನ್ನು ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ವಿವರಿಸಿದರು. ಚಟುವಟಿಕೆ ಕಡಿಮೆಯಾದಂತೆ ಅದರಿಂದ ದೊರೆಯುತ್ತಿದ್ದ ಸಂತೋಷ, ತೃಪ್ತಿ, ಜನರ ಒಡನಾಟಗಳೂ ಕಡಿಮೆಯಾಗುತ್ತವೆ. ಅವು ಕಡಿಮೆಯಾದಂತೆ ಮನಸ್ಸು ಇನ್ನಷ್ಟು ಕುಗ್ಗಿ, ಚಟುವಟಿಕೆ ಮತ್ತೂ ಕ್ಷೀಣಿಸುತ್ತದೆ. ಈ ಸುಳಿಯನ್ನು ಕ್ರಿಯೆಯ ಕಡೆಯಿಂದ ಮುರಿಯುವ ಚಿಕಿತ್ಸಾಕ್ರಮಕ್ಕೆ ‘ಬಿಹೇವಿಯರಲ್ ಆಕ್ಟಿವೇಶನ್’ ಎಂದು ಹೆಸರು. ಮೊದಲು ಕ್ರಿಯೆ, ಆಮೇಲೆ ಮನಸ್ಸು ಎಂಬುದು ಅದರ ತಿರುಳು.

ಉದಾಹರಣೆಗಾಗಿ ಕಾಸರಗೋಡಿನ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅವಳು ಹತ್ತು ಗಂಟೆಯವರೆಗೆ ಹಾಸಿಗೆ ಬಿಟ್ಟೇಳುವುದಿಲ್ಲ. ತರಗತಿಗಳು ತಪ್ಪುತ್ತಿವೆ. ಗದುಗಿನ ಭಾರತದ ಪಠ್ಯಭಾಗ ಓದದೆ ಉಳಿದಿದೆ.

ಮೊದಲ ನಾಲ್ಕು ದಿನ ಅವಳು ಏನನ್ನೂ ಬದಲಿಸುವುದಿಲ್ಲ, ಬರೆದಿಡುವುದಷ್ಟೇ ಕೆಲಸ. ಯಾವ ಹೊತ್ತಿನಲ್ಲಿ ಏನು ಮಾಡಿದೆ, ಅದರಿಂದ ದೊರೆತ ಸಂತೋಷವೆಷ್ಟು, ಮಾಡಿ ಮುಗಿಸಿದ ತೃಪ್ತಿಯೆಷ್ಟು ಎಂದು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾಳೆ. ಮಲಗಿಕೊಂಡು ಮೊಬೈಲ್ ನೋಡಿದ್ದಕ್ಕೆ ಸಂತೋಷ 1, ತೃಪ್ತಿ 0. ಸಂಜೆ ಅಜ್ಜಿಯೊಡನೆ ಅಂಗಳದ ಅಡಿಕೆಯನ್ನು ರಾಶಿ ಮಾಡಿದ್ದಕ್ಕೆ ಸಂತೋಷ 3, ತೃಪ್ತಿ 4. ‘ಎಲ್ಲ ಹೊತ್ತೂ ಒಂದೇ ತೆರನಾಗಿದೆ’ ಎಂದು ಕುಗ್ಗಿದ ಮನಸ್ಸು ಹೇಳುತ್ತಿರುತ್ತದೆ; ಬರೆದ ಅಂಕಗಳು ಹಾಗಲ್ಲವೆಂದು ತೋರಿಸುತ್ತವೆ. ಮುಂದಿನ ದಿನಚರಿಗೆ ಇವೇ ಆಧಾರ.

ಎರಡನೆಯ ಹೆಜ್ಜೆ, ಏಳುವ ಹೊತ್ತನ್ನು ನಿಗದಿಪಡಿಸುವುದು. ಹತ್ತರಿಂದ ಐದಕ್ಕೆ ಹಾರಿದರೆ ಎರಡೇ ದಿನದಲ್ಲಿ ಯೋಜನೆ ಕುಸಿಯುತ್ತದೆ. ಅವಳು ಒಂಬತ್ತೂವರೆಯಿಂದ ಆರಂಭಿಸಿ, ಅದು ನಿಂತ ಮೇಲೆ ಅರ್ಧ ಗಂಟೆ ಹಿಂದಕ್ಕೆ ತರುತ್ತಾಳೆ. ರಾತ್ರಿ ನಿದ್ರೆ ಬಾರದಿದ್ದರೂ ಏಳುವ ಹೊತ್ತು ಬದಲಾಗುವುದಿಲ್ಲ. ಎದ್ದೊಡನೆ ಮುಖ ತೊಳೆದು ಜಗಲಿಯ ಬೆಳಕಿನಲ್ಲಿ ಕುಳಿತು ಚಹಾ ಕುಡಿಯುವುದು ಅದಕ್ಕೆ ಜೋಡಿಸಿದ ಕೆಲಸ.

ಮೂರನೆಯದು, ದಿನಕ್ಕೆ ಎರಡೇ ಕೆಲಸಗಳನ್ನು ಹೊತ್ತು, ಸ್ಥಳ, ಪ್ರಮಾಣಗಳೊಂದಿಗೆ ಬರೆದಿಡುವುದು. ‘ಗದುಗಿನ ಭಾರತ ಓದಬೇಕು’ ಎಂಬುದು ಯೋಜನೆಯಲ್ಲ, ಹೊರೆ. ‘ಹನ್ನೊಂದಕ್ಕೆ, ಜಗಲಿಯಲ್ಲಿ, ಒಂದು ಷಟ್ಪದಿಯನ್ನು ಪುಸ್ತಕಕ್ಕೆ ಬರೆದುಕೊಳ್ಳುವುದು’ ಎಂದಾಗ ಅದು ಕೈಗೆಟಕುತ್ತದೆ. ಆರು ಸಾಲು ಮುಗಿದೊಡನೆ ನಿಲ್ಲಿಸಬಹುದು. ಎರಡನೆಯ ಕೆಲಸ ಅಜ್ಜಿಯೊಡನೆ ಅಡಿಕೆ ರಾಶಿ ಮಾಡುವುದು. ಅಂಕಗಳೇ ಅದನ್ನು ಆರಿಸಿಕೊಟ್ಟಿವೆ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆಗಳಲ್ಲಿ. ತುಸು ಚೆನ್ನಾಗಿರುವ ದಿನ ತಪ್ಪಿದ್ದನ್ನೆಲ್ಲ ತುಂಬಿಕೊಳ್ಳಹೊರಟು, ಮರುದಿನ ಬಳಲಿ ಬೀಳುವುದು ಒಂದು. ಒಂದು ದಿನ ತಪ್ಪಿದೊಡನೆ ‘ಸೋಮವಾರದಿಂದ ಹೊಸದಾಗಿ’ ಎಂದು ಕೈಬಿಡುವುದು ಇನ್ನೊಂದು. ಬರೆದುದಕ್ಕಿಂತ ಹೆಚ್ಚು ಮಾಡದಿರುವುದು ಮೊದಲನೆಯದಕ್ಕೆ ಉತ್ತರ. ಎರಡನೆಯದಕ್ಕೆ, ತಪ್ಪಿದ್ದನ್ನು ಬಿಟ್ಟು ಅದೇ ದಿನದ ಮುಂದಿನ ಕೆಲಸಕ್ಕೆ ಸೇರಿಕೊಳ್ಳಬೇಕು. ಒಂದು ಕೆಲಸ ಸತತ ಮೂರು ದಿನ ತಪ್ಪಿದರೆ ದೋಷ ಕೆಲಸದ ಗಾತ್ರದ್ದೆಂದು ತಿಳಿದು ಅದನ್ನು ಅರ್ಧಕ್ಕಿಳಿಸಬೇಕು: ಆರು ಸಾಲಿನ ಬದಲು ಮೂರು.

ಫಲವನ್ನು ಆಯಾ ದಿನದ ಮನಃಸ್ಥಿತಿಯಿಂದ ಅಳೆಯಬಾರದು. ಮೊದಲು ಬದಲಾಗುವುದು ನಡವಳಿಕೆ. ಮನಸ್ಸು ತಡವಾಗಿ ಹಿಂಬಾಲಿಸುತ್ತದೆ. ಒಂದು ವಾರದ ಅಂಕಗಳನ್ನು ಹಿಂದಿನ ವಾರದೊಡನೆ ಹೋಲಿಸಿದಾಗ 1 ಇದ್ದಲ್ಲಿ 2 ಕಂಡರೆ ಅದು ನಿಜವಾದ ಮುನ್ನಡೆ. ಮನೆಯವರು ‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುವುದಕ್ಕಿಂತ ‘ಬಾ ಮಗಾ, ಒಟ್ಟಿಗೆ ಅಡಿಕೆ ಎಳೆಯುವಾ’ ಎಂದ ಅಜ್ಜಿಯಂತೆ ಜೊತೆಗೂಡಿದರೆ ಹೆಚ್ಚು ನೆರವಾಗುತ್ತದೆ.

ಈ ಕ್ರಮಕ್ಕೆ ಮಿತಿಯೂ ಉಂಟು. ಕುಗ್ಗಿದ ಮನಸ್ಸು ಎರಡು ವಾರ ದಾಟಿಯೂ ಹಾಗೆಯೇ ಇದ್ದರೆ, ಊಟ ನಿದ್ರೆಗಳು ಕೆಟ್ಟರೆ ವೈದ್ಯರನ್ನು ಕಾಣಬೇಕು. ಔಷಧ ನಡೆಯುತ್ತಿದ್ದರೆ ದಿನಚರಿ ಅದರ ಜೊತೆಗೆ ನಡೆಯಬೇಕೇ ಹೊರತು ಅದಕ್ಕೆ ಬದಲಾಗಿ ಅಲ್ಲ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ದಿನಚರಿಯ ಮಾತನ್ನು ಬದಿಗಿಟ್ಟು, ಅಂದೇ ಹತ್ತಿರದವರೊಬ್ಬರಿಗೆ ತಿಳಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬೇಕು. ಅದು ಹಗಲಿರುಳೂ ದೊರೆಯುವ ಉಚಿತ ಸೇವೆ.