ಒಂದು ಟಿಕೆಟ್, ನಲವತ್ತು ಸಾಲು

2021ರ ಡಿಸೆಂಬರ್. ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್‌ಗಳು ತಮ್ಮ ದಿನಚರಿ ದಾಖಲಿಸಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ದೊಡ್ಡ ಲೋಪವೊಂದು ಬಯಲಾಯಿತು. ಹೊರಗಿನವರು ಕಳಿಸಿದ ಒಂದು ಸಾಲು ಲಾಗ್‌ನಲ್ಲಿ ದಾಖಲಾದರೆ ಸಾಕು, ಸರ್ವರ್ ಅವರ ಕೈವಶವಾಗಬಹುದಿತ್ತು. ಮದ್ದು ಸರಳ: ಹೊಸ ಆವೃತ್ತಿ ಹಾಕಿಕೊಳ್ಳುವುದು. ಆದರೆ ದೊಡ್ಡ ಕಂಪನಿಗಳಲ್ಲಿ ಕೋಡ್ ಹಲವು ರೆಪೊಸಿಟರಿಗಳಲ್ಲಿ ಹಂಚಿಹೋಗಿರುತ್ತದೆ, ಒಂದೊಂದನ್ನು ಒಂದೊಂದು ತಂಡ ನೋಡಿಕೊಳ್ಳುತ್ತದೆ.

ಇಂಥ ಹೊತ್ತಿನಲ್ಲಿ ಒಂದು ತಾಯಿ ಟಿಕೆಟ್ ತೆರೆಯುತ್ತಾರೆ. ಅದರೊಳಗೊಂದು ಪಟ್ಟಿ, ರೆಪೊಸಿಟರಿಗೊಂದು ಸಾಲು, ಸಾಲಿಗೊಂದು ಮರಿ ಟಿಕೆಟ್, ಒಬ್ಬರ ಹೊಣೆ.

ನಲವತ್ತು ರೆಪೊಸಿಟರಿಗಳಿವೆ ಎಂದುಕೊಳ್ಳಿ. ತಂಡಗಳನ್ನು ಕೇಳಿದರೆ ಇಪ್ಪತ್ತಾರು ತಂಡಗಳು ‘ನಾವು ಬಳಸುತ್ತೇವೆ’ ಎನ್ನುತ್ತವೆ. ನೆನಪನ್ನು ನಂಬಿ ಪಟ್ಟಿ ಮಾಡಿದರೆ ಮೊದಲ ತಪ್ಪು ಅಲ್ಲೇ. ತಾವು ಸೇರಿಸಿಕೊಂಡ ಇನ್ನಾವುದೋ ಲೈಬ್ರರಿ ತನ್ನ ಬೆನ್ನಿಗೆ ಲಾಗ್‌ಫೋರ್‌ಜೆಯನ್ನೂ ಕಟ್ಟಿಕೊಂಡು ಬಂದಿರುತ್ತದೆ. ಅದನ್ನು ಮೇವನ್ ಹೀಗೆ ತೋರಿಸುತ್ತದೆ:

```
mvn dependency:tree -Dincludes=org.apache.logging.log4j:log4j-core
```

ಹುಡುಕಿದಾಗ ಇನ್ನೂ ಒಂಬತ್ತು ಸಿಕ್ಕವು ಎನ್ನೋಣ. ಉಳಿದ ಐದನ್ನು ಪಟ್ಟಿಯಿಂದ ಅಳಿಸಬಾರದು. ‘ಹುಡುಕಿದೆವು, ಇಲ್ಲ’ ಎಂದು ತಾರೀಖಿನೊಂದಿಗೆ ಬರೆದಿಡಬೇಕು. ಇಲ್ಲವಾದರೆ ನೋಡಿ ಬಿಟ್ಟದ್ದು ಯಾವುದು, ನೋಡದೇ ಬಿಟ್ಟದ್ದು ಯಾವುದು ಎಂದು ಆಮೇಲೆ ಯಾರಿಗೂ ತಿಳಿಯದು.

ಈ ಪಟ್ಟಿಯಲ್ಲಿ ನನಗೆ ಅತಿ ಅಪಾಯಕಾರಿ ಅನ್ನಿಸುವ ಮಾತು ‘ಆಯಿತು’. ಆ ತಿಂಗಳಲ್ಲಿ ನಡೆದದ್ದನ್ನೇ ನೋಡಿ. ಮೊದಲು 2.15.0ಗೆ ಏರಿಸಿ ಎಂದರು. ಆ ತಿದ್ದುಪಡಿ ಪೂರ್ಣವಾಗಿರಲಿಲ್ಲ, ಡಿಸೆಂಬರ್ 13ಕ್ಕೆ 2.16.0 ಬಂತು. ಅದರಲ್ಲೂ ಸರ್ವರ್ ಕುಸಿಯುವಂತೆ ಮಾಡಬಲ್ಲ ದೋಷ ಸಿಕ್ಕಿ 2.17.0, ತಿಂಗಳ ಕೊನೆಗೆ 2.17.1. ಸಾಲಿನ ಮುಂದೆ ಬರೀ ‘ಆಯಿತು’ ಎಂದಿದ್ದರೆ ಇವುಗಳಲ್ಲಿ ಯಾವುದು ಆಯಿತು? ಅದಕ್ಕೇ ಅಲ್ಲಿ ಆವೃತ್ತಿಯ ಸಂಖ್ಯೆಯೇ ಇರಬೇಕು. ಆಗ ಗುರಿ ಬದಲಾದರೆ ತಾಯಿ ಟಿಕೆಟ್ಟಿನಲ್ಲಿ ಒಂದು ಕಡೆ ತಿದ್ದಿದರೆ ಸಾಕು, ಹಿಂದೆ ಬಿದ್ದ ಸಾಲುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ಇನ್ನೊಂದು ಮರೆವು ಇದಕ್ಕಿಂತ ಸೂಕ್ಷ್ಮ. ಬದಲಾವಣೆ ಮುಖ್ಯ ಕೋಡಿಗೆ ಮರ್ಜ್ ಆದ ಕೂಡಲೇ ಮರಿ ಟಿಕೆಟ್ ಮುಚ್ಚಿಬಿಡುತ್ತಾರೆ. ಸರ್ವರಿನಲ್ಲಿ ಮಾತ್ರ ಹಳೆಯ ಜಾರ್ ಕಡತ ಓಡುತ್ತಲೇ ಇರುತ್ತದೆ, ಏಕೆಂದರೆ ಆ ಸೇವೆಯನ್ನು ಹೊಸದಾಗಿ ಡಿಪ್ಲಾಯ್ ಮಾಡಿರುವುದಿಲ್ಲ. ಆದ್ದರಿಂದ ಕೋಡಿನಲ್ಲಿರುವ ಆವೃತ್ತಿಗೆ ಒಂದು ಕಾಲಂ, ಸರ್ವರಿನಲ್ಲಿ ಓಡುತ್ತಿರುವ ಆವೃತ್ತಿಗೆ ಇನ್ನೊಂದು. ಎರಡನೆಯದನ್ನು ಸರ್ವರಿನಲ್ಲಿರುವ ಕಡತವನ್ನೇ ನೋಡಿ ತುಂಬಬೇಕು:

```
jar tf app.jar | grep log4j-core
```

ಕೆಲವು ಜಾರ್‌ಗಳು ಲೈಬ್ರರಿಯನ್ನು ಬಿಡಿಸಿ ತಮ್ಮೊಳಗೇ ಕರಗಿಸಿಕೊಂಡಿರುತ್ತವೆ; ಅಲ್ಲಿ ಈ ಹೆಸರು ಕಾಣದೆ ಹೋಗಬಹುದು. ಅಂಥವನ್ನು ಬೇರೆಯಾಗಿ ಗುರುತು ಹಾಕಿ, ಒಳಗಿನ ಕ್ಲಾಸ್ ಕಡತಗಳನ್ನು ಹುಡುಕಬೇಕು.

ಎರಡನೇ ಕಾಲಂ ಒಂದೇ ಒಂದು ಸಾಲಿನಲ್ಲಿ ಖಾಲಿ ಇದ್ದರೂ ತಾಯಿ ಟಿಕೆಟ್ ಮುಚ್ಚಬೇಡಿ.