ಮೂರು ಸೂಚಕ, ಒಂದೇ ಸಾಕ್ಷಿ

ಒಂದು ಷೇರು 14 ದಿನಗಳಲ್ಲಿ 500 ರೂಪಾಯಿಯಿಂದ 440ಕ್ಕೆ ಜಾರಿದೆ ಎನ್ನಿ. ಏರಿದ ದಿನಗಳ ಗಳಿಕೆ ಒಟ್ಟು 10 ರೂಪಾಯಿ, ಇಳಿದ ದಿನಗಳ ನಷ್ಟ 70. ಸರಳ ಸರಾಸರಿಯಲ್ಲಿ ಆರ್‌ಎಸ್‌ಐ 12.5. ಈ ಅವಧಿಯ ಗರಿಷ್ಠ ಬೆಲೆ 500, ಕನಿಷ್ಠ 438 ಆಗಿದ್ದರೆ ಸ್ಟೊಕಾಸ್ಟಿಕ್ ಸುಮಾರು 3. ಸರಾಸರಿ ಬೆಲೆ 470, ಅದರಿಂದ ಸರಾಸರಿ ವಿಚಲನ 15 ಆದರೆ ಸಿಸಿಐ ಮೈನಸ್ 133. ಮೂರೂ ಒಕ್ಕೊರಲಿನಿಂದ ‘ಅತಿಯಾಗಿ ಮಾರಾಟವಾಗಿದೆ’ ಎನ್ನುತ್ತವೆ.

ಇದು ಮೂರು ಸಾಕ್ಷಿಗಳ ಒಮ್ಮತವಲ್ಲ. ಸೂತ್ರ ಬೇರೆಯಾದರೂ ಮೂರೂ ಅಳೆಯುವುದು ಇತ್ತೀಚಿನ ಬೆಲೆ ಎಷ್ಟು ದೂರ ಸರಿದಿದೆ ಎಂಬುದನ್ನೇ. ಕುಸಿತ ಮುಂದುವರಿದರೆ ಮೂರೂ ದಿನಗಟ್ಟಲೆ ಕೆಳಗೇ ಕೂತು ಒಟ್ಟಿಗೇ ತಪ್ಪುತ್ತವೆ.

ಪರೀಕ್ಷೆ ಸುಲಭ. ಒಂದು ವರ್ಷದ ದಿನವಹಿ ಮೌಲ್ಯಗಳನ್ನು ಎಕ್ಸೆಲ್‌ನಲ್ಲಿ ಹಾಕಿ, ಎರಡೆರಡು ಕಾಲಂಗಳಿಗೆ `CORREL` ಸೂತ್ರ ಕೊಡಿ. ಉತ್ತರ 1ಕ್ಕೆ ಹತ್ತಿರವಾದಷ್ಟೂ ಎರಡನೆಯ ಸೂಚಕ ಹೊಸದಾಗಿ ಹೇಳುವುದು ಕಡಿಮೆ. ಸ್ಟೊಕಾಸ್ಟಿಕ್ ಬೇಗ ತಿರುಗುತ್ತದೆ, ಆರ್‌ಎಸ್‌ಐ ನಿಧಾನ. ವ್ಯತ್ಯಾಸ ಹೆಚ್ಚಾಗಿ ವೇಗದ್ದು. ಒಂದನ್ನು ಇಟ್ಟುಕೊಂಡು, ಬೆಲೆಯಿಂದ ಹುಟ್ಟದ ಮಾಹಿತಿಯನ್ನು, ಅಂದರೆ ವಹಿವಾಟಿನ ಪ್ರಮಾಣ ಅಥವಾ ಡೆಲಿವರಿ ಪಾಲನ್ನು, ಜೊತೆಗೆ ನೋಡುವುದು ಮೇಲು.